ಬಾಡಿಗೆಯ ಲೆಕ್ಕ ನಾಲ್ಕೇ ಸಾಲು

ಕೆಲವು ಮಾತುಗಳು ಬಾಯಿಂದ ಬಾಯಿಗೆ ಹರಡಿ ಕಾನೂನೇ ಆಗಿಬಿಡುತ್ತವೆ. ಯಾರೂ ಓದಿರೋದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತೆ. "ಹೊಸ ತೆರಿಗೆ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲ" ಅನ್ನೋದು ಅಂಥದ್ದೊಂದು ಮಾತು. "ಸಾಲ ಮಾಡಿ ಮನೆ ತಗೊಂಡು ಬಾಡಿಗೆಗೆ ಕೊಟ್ಟುಬಿಡಿ, ಟ್ಯಾಕ್ಸ್ ಉಳಿಯುತ್ತೆ" ಅನ್ನೋದು ಇನ್ನೊಂದು. ಮೊದಲನೇ ಮಾತನ್ನು ನಂಬಿ ನಮ್ಮ ಚಿಕ್ಕಮ್ಮ ಕಟ್ಟಬೇಕಿಲ್ಲದ 78,780 ರೂಪಾಯಿ ತೆರಿಗೆ ಕಟ್ಟಲು ಹೊರಟಿದ್ದರು. ಎರಡನೇ ಮಾತನ್ನು ನಂಬಿ ಅವರ ಮಗ ಇಪ್ಪತ್ತು ವರ್ಷದ ಸಾಲ ತಲೆ ಮೇಲೆ ಹೊತ್ತುಕೊಂಡ. ಎರಡೂ ಒಂದೇ ಮನೆಯಲ್ಲಿ ನಡೆದದ್ದರಿಂದ ಒಟ್ಟಿಗೇ ಹೇಳಿಬಿಡ್ತೀನಿ. ಸ್ವಲ್ಪ ಸಿಟ್ಟಿನಲ್ಲೇ ಹೇಳ್ತೀನಿ, ಸಹಿಸಿಕೊಳ್ಳಿ.

ಚಿಕ್ಕಮ್ಮ ಮೈಸೂರಿನವರು. ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ತಿಂಗಳಿಗೆ 95,000 ಪಿಂಚಣಿ ಬರುತ್ತೆ. ಬ್ಯಾಂಕಿನ ಠೇವಣಿಗೆ ವರ್ಷಕ್ಕೆ 60,000 ಬಡ್ಡಿ ಬರುತ್ತೆ. ಕೆಳಗಿನ ಮನೆಯಲ್ಲಿ ಅವರಿದ್ದಾರೆ, ಮೇಲಿನ ಮನೆಯನ್ನು 15,000ಕ್ಕೆ ಬಾಡಿಗೆಗೆ ಕೊಟ್ಟಿದ್ದಾರೆ. ಆ ಮೇಲಿನ ಮನೆ ಕಟ್ಟಿಸೋಕೆ ಮಾಡಿದ ಸಾಲ ಇನ್ನೂ ತೀರಿಲ್ಲ. ಜೂನ್ ತಿಂಗಳಲ್ಲಿ ಊರಿಗೆ ಹೋಗಿದ್ದಾಗ ಊಟ ಮುಗಿದ ಮೇಲೆ ಒಂದು ಹಾಳೆ ತಂದು ನನ್ನ ಮುಂದಿಟ್ಟರು.

"ನೋಡೋ, ಈ ಸಲ ಎಪ್ಪತ್ತೆಂಟು ಸಾವಿರ ಕಟ್ಟಬೇಕಂತೆ. ಒಂದು ಎಫ್.ಡಿ. ಮುರಿಸ್ಬೇಕು. ಹನ್ನೆರಡು ಲಕ್ಷದ ತನಕ ಟ್ಯಾಕ್ಸ್ ಇಲ್ಲ ಅಂದ್ರಲ್ಲೋ?"

ಆ ಹಾಳೆ, ಅವರ ಬಡಾವಣೆಯಲ್ಲಿ ಹತ್ತಾರು ಜನರ ರಿಟರ್ನ್ ತುಂಬಿಕೊಡುವ ಒಬ್ಬರು ತಯಾರಿಸಿದ ಲೆಕ್ಕ. 2025-26ರ ಹಣಕಾಸು ವರ್ಷದ್ದು. ಪಿಂಚಣಿ 11,40,000. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು 10,65,000. ಬ್ಯಾಂಕ್ ಬಡ್ಡಿ 60,000 ಸೇರಿ 11,25,000. ಇಲ್ಲಿಯವರೆಗೆ ಏನೂ ತಪ್ಪಿಲ್ಲ. ಮುಂದಿನ ಸಾಲಿನಲ್ಲಿ "ಬಾಡಿಗೆ" ಅಂತ ಬರೆದು 1,80,000 ಪೂರ್ತಿ ಸೇರಿಸಿದ್ದರು. ಅಲ್ಲಿಗೆ ಒಟ್ಟು 13,05,000.

ಹನ್ನೆರಡು ಲಕ್ಷದ ವಿಷಯದಲ್ಲಿ ಒಂದು ಮಾತು ತಿಳ್ಕೋಬೇಕು. ಹನ್ನೆರಡು ಲಕ್ಷ ದಾಟಿದ ಮೇಲಿನ ದುಡ್ಡಿಗೆ ಮಾತ್ರ ತೆರಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ತೆರಿಗೆಯ ಮೆಟ್ಟಿಲು ನಾಲ್ಕು ಲಕ್ಷದಿಂದಲೇ ಶುರು. ಆದಾಯ ಹನ್ನೆರಡು ಲಕ್ಷದ ಒಳಗಿದ್ದರೆ, ಬಂದ ತೆರಿಗೆಯನ್ನು ರಿಬೇಟ್ ಅಂತ ಪೂರ್ತಿ ಬಿಟ್ಟುಬಿಡ್ತಾರೆ. ದಾಟಿದರೆ ಆ ರಿಬೇಟ್ ಕೈತಪ್ಪುತ್ತೆ. ಸ್ವಲ್ಪವೇ ದಾಟಿದವರಿಗೆ ಒಂದಿಷ್ಟು ರಿಯಾಯಿತಿ ಇದೆ, ಒಂದು ಲಕ್ಷ ದಾಟಿದವರಿಗೆ ಅದು ಸಿಗೋಲ್ಲ. ಹಾಗಾಗಿ ಚಿಕ್ಕಮ್ಮನ ಲೆಕ್ಕ ಹೀಗಾಯಿತು: 4ರಿಂದ 8 ಲಕ್ಷದವರೆಗೆ ಶೇ. 5ರಂತೆ 20,000, 8ರಿಂದ 12ರವರೆಗೆ ಶೇ. 10ರಂತೆ 40,000, ಮೇಲಿನ 1,05,000ಕ್ಕೆ ಶೇ. 15ರಂತೆ 15,750. ಒಟ್ಟು 75,750, ಅದರ ಮೇಲೆ ಶೇ. 4 ಸೆಸ್. 78,780 ಹುಟ್ಟಿದ್ದು ಹೀಗೆ. ಗುಣಾಕಾರ, ಸಂಕಲನ ಎಲ್ಲ ಸರಿಯಿದೆ. ತಪ್ಪಿರೋದು ಆ ಒಂದು "ಬಾಡಿಗೆ 1,80,000" ಅನ್ನೋ ಸಾಲಿನಲ್ಲಿ.

ನಾನು ಆ ಮನುಷ್ಯರಿಗೆ ಫೋನ್ ಮಾಡಿದೆ. ಮರ್ಯಾದೆಯಾಗಿಯೇ ಕೇಳಿದೆ. "ಸಾರ್, ಬಾಡಿಗೆಯಲ್ಲಿ ಮೂವತ್ತು ಪರ್ಸೆಂಟ್ ಕಳೆದಿಲ್ವಲ್ಲ?"

"ಮೇಡಂ ಹೊಸ ಪದ್ಧತೀಲಿ ಇದಾರೆ ಸಾರ್. ಅದ್ರಲ್ಲಿ ಡಿಡಕ್ಷನ್ ಯಾವ್ದೂ ಇಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದಿದೆ, ಅದನ್ನ ಪಿಂಚಣೀಲಿ ಆಗ್ಲೇ ಕೊಟ್ಟಿದೀನಿ. ಎರಡೆರಡು ಸಲ ಕೊಡೋಕಾಗಲ್ಲ."

ಇಲ್ಲಿದೆ ನೋಡಿ ಗಂಟು. ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನೋ ಒಂದೇ ಹೆಸರನ್ನು ಎರಡು ಬೇರೆ ಬೇರೆ ವಸ್ತುಗಳಿಗೆ ಇಟ್ಟಿದ್ದಾರೆ. ಒಂದು, ಸಂಬಳ ಅಥವಾ ಪಿಂಚಣಿಯಲ್ಲಿ ಕಳೆಯುವ ನಿಗದಿ ಮೊತ್ತ. ಹೊಸ ಪದ್ಧತಿಯಲ್ಲಿ ಅದು 75,000. ಇನ್ನೊಂದು, ಬಾಡಿಗೆಗೆ ಕೊಟ್ಟ ಮನೆಯ ಆದಾಯದಲ್ಲಿ ಕಳೆಯುವ ಶೇ. 30. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಪಿಂಚಣಿಯೂ ಬಂದು ಬಾಡಿಗೆಯೂ ಬರುವವರಿಗೆ ಎರಡೂ ಸಿಗುತ್ತೆ. ಹಳೇ ಪದ್ಧತಿಯಲ್ಲೂ ಸಿಗುತ್ತೆ, ಹೊಸದರಲ್ಲೂ ಸಿಗುತ್ತೆ.

ಯಾಕೆ ಅಂತ ಕೇಳಿ. ಹೊಸ ಪದ್ಧತಿ ತೆಗೆದುಹಾಕಿದ್ದು ಹೆಚ್ಚಾಗಿ ಉಳಿತಾಯಕ್ಕೆ, ವಿಮೆಗೆ, ಹಿರಿಯರ ಠೇವಣಿ ಬಡ್ಡಿಗೆ ಕೊಡುತ್ತಿದ್ದ ರಿಯಾಯಿತಿಗಳನ್ನು. ಅವು ಆದಾಯವೆಲ್ಲ ಲೆಕ್ಕ ಹಾಕಿ ಮುಗಿದ ಮೇಲೆ, ಕೊನೆಯಲ್ಲಿ ಕಳೆಯುವಂಥವು. ಬಾಡಿಗೆಯ ಶೇ. 30 ಆ ಜಾತಿಯದ್ದಲ್ಲ. ಮನೆಯಿಂದ ಬಂದ ಆದಾಯ ಎಷ್ಟು ಅಂತ ಕಂಡುಹಿಡಿಯೋ ದಾರಿಯಲ್ಲೇ ಅದು ಬರುತ್ತೆ. ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಲ್ಲ ಲಾಭವಲ್ಲ, ಸರಕಿನ ಅಸಲು ಕಳೆದ ಮೇಲೆ ಉಳಿದದ್ದು ಲಾಭ. ಹಾಗೇನೇ ಬಾಡಿಗೆದಾರ ಕೊಟ್ಟದ್ದೆಲ್ಲ ನಿಮ್ಮ ಆದಾಯವಲ್ಲ. ಅದರಿಂದ ಆದಾಯ ಹೊರಡಿಸೋಕೆ ನಾಲ್ಕು ಸಾಲಿನ ಲೆಕ್ಕವಿದೆ. ಆ ನಾಲ್ಕು ಸಾಲನ್ನು ಚಿಕ್ಕಮ್ಮನ ಹಾಳೆಯ ಹಿಂಭಾಗದಲ್ಲೇ ಬರೆದೆ.

ಮೊದಲ ಸಾಲು, ವರ್ಷದ ಬಾಡಿಗೆ: 1,80,000. ಬಾಡಿಗೆದಾರ ಕೊಟ್ಟ ಅಡ್ವಾನ್ಸ್ ಇದರಲ್ಲಿ ಬರೋದಿಲ್ಲ. ಅದು ವಾಪಸ್ ಕೊಡಬೇಕಾದ ದುಡ್ಡು.

ಎರಡನೇ ಸಾಲು, ಮನೆ ಕಂದಾಯ. ಕಾರ್ಪೊರೇಷನ್ನಿನ ರಸೀದಿ ಇಡೀ ಕಟ್ಟಡಕ್ಕೆ ಒಂದೇ, 8,000. ಕೆಳಗಿನ ಮನೆಯಲ್ಲಿ ಅವರೇ ಇರೋದರಿಂದ ಅದರ ಪಾಲು ಲೆಕ್ಕಕ್ಕಿಲ್ಲ. ಎರಡೂ ಅಂತಸ್ತು ಒಂದೇ ಅಳತೆ, ಹಾಗಾಗಿ ಮೇಲಿನದರ ಪಾಲು 4,000. ಕಳೆದರೆ 1,76,000. ಕಂದಾಯಕ್ಕೆ ಎರಡು ಷರತ್ತಿವೆ. ಮಾಲೀಕರೇ ಕಟ್ಟಿರಬೇಕು, ಮತ್ತು ಆ ಹಣಕಾಸು ವರ್ಷದ ಒಳಗೇ ಕಟ್ಟಿರಬೇಕು. ಬಾಡಿಗೆದಾರನ ಕೈಲಿ ಕಟ್ಟಿಸಿ ನೀವು ಕಳೆಯೋ ಹಾಗಿಲ್ಲ. ಇನ್ನು ನಮ್ಮೂರುಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಅಂತ ಎಲ್ಲರೂ ಆಗಲೇ ಓಡ್ತಾರಲ್ಲ, ಚಿಕ್ಕಮ್ಮನೂ 2025ರ ಏಪ್ರಿಲ್‌ನಲ್ಲೇ ಕಟ್ಟಿದ್ದರು. ಮರೆತು 2026ರ ಏಪ್ರಿಲ್‌ನಲ್ಲಿ ಎರಡು ವರ್ಷದ್ದು ಒಟ್ಟಿಗೆ ಕಟ್ಟಿದ್ದರೆ, 2025-26ರ ಲೆಕ್ಕದಲ್ಲಿ ಕಂದಾಯ ಸೊನ್ನೆ, ಮುಂದಿನ ವರ್ಷದಲ್ಲಿ ಎರಡೂ ಸೇರುತ್ತಿದ್ದವು. ಯಾವ ವರ್ಷದ ಕಂದಾಯ ಅನ್ನೋದು ಮುಖ್ಯವಲ್ಲ, ಯಾವ ದಿನ ಕಟ್ಟಿದಿರಿ ಅನ್ನೋದು ಮುಖ್ಯ.

ಮೂರನೇ ಸಾಲು, ಉಳಿದ 1,76,000ದಲ್ಲಿ ಶೇ. 30. ಅಂದರೆ 52,800. ಗಮನಿಸಿ, ಇದು 1,80,000ದ ಮೇಲಲ್ಲ, ಕಂದಾಯ ಕಳೆದ ಮೇಲಿನ ಮೊತ್ತದ ಮೇಲೆ. ಉಳಿದದ್ದು 1,23,200.

ನಾಲ್ಕನೇ ಸಾಲು, ಸಾಲದ ಬಡ್ಡಿ. ಬ್ಯಾಂಕು ಕೊಟ್ಟ ಸರ್ಟಿಫಿಕೇಟಿನ ಪ್ರಕಾರ ಮೇಲಿನ ಮನೆಯ ಸಾಲಕ್ಕೆ ಆ ವರ್ಷದ ಬಡ್ಡಿ 62,000. ಕಳೆದರೆ 61,200.

ಚಿಕ್ಕಮ್ಮನ ಬಾಡಿಗೆ ಆದಾಯ 1,80,000 ಅಲ್ಲ, 61,200. ಇದನ್ನು 11,25,000ಕ್ಕೆ ಸೇರಿಸಿದರೆ 11,86,200. ಹನ್ನೆರಡು ಲಕ್ಷದ ಒಳಗೆ. ತೆರಿಗೆ ಸೊನ್ನೆ.

ಚಿಕ್ಕಮ್ಮ ಕನ್ನಡಕ ತೆಗೆದು ಒರೆಸಿಕೊಂಡು ಹಾಳೆಯನ್ನು ಇನ್ನೊಂದು ಸಲ ಓದಿದರು. "ಇಷ್ಟೇನಾ?" ಅಂದರು. ಇಷ್ಟೇ ಚಿಕ್ಕಮ್ಮ.

ಈಗ ನನ್ನ ಜಗಳ ಶುರು. ರಿಟರ್ನ್ ಫಾರಂನಲ್ಲಿ ಬಾಡಿಗೆ ಮನೆಯ ಭಾಗಕ್ಕೆ ಹೋದರೆ ಈ ಶೇ. 30 ತಾನಾಗಿಯೇ ಲೆಕ್ಕವಾಗುತ್ತೆ. ಬಾಡಿಗೆ, ಕಟ್ಟಿದ ಕಂದಾಯ, ಬಡ್ಡಿ ಈ ಮೂರನ್ನು ತುಂಬಿದರೆ ಸಾಕು. ಹಾಗಿದ್ದರೂ ತಪ್ಪಿಹೋದದ್ದು ಹೇಗೆ? ಆ ಮನುಷ್ಯರು ಬಾಡಿಗೆಯನ್ನು ಆ ಭಾಗಕ್ಕೆ ತಗೊಂಡೇ ಹೋಗಿರಲಿಲ್ಲ. "ಹೇಗೂ ಕಳೆಯೋಕೆ ಏನೂ ಇಲ್ವಲ್ಲ" ಅಂತ ಬ್ಯಾಂಕ್ ಬಡ್ಡಿಯ ಪಕ್ಕದಲ್ಲೇ ಇತರೆ ಮೂಲಗಳ ಆದಾಯ ಅಂತ ಹಾಕಿಬಿಟ್ಟಿದ್ದರು. ಅಲ್ಲಿಗೆ ಹೋದ ಬಾಡಿಗೆಗೆ ಶೇ. 30 ಯಾರು ಕೊಡ್ತಾರೆ? ಇದನ್ನು ಕಂಡುಹಿಡಿಯೋಕೆ ನೀವು ಲೆಕ್ಕ ಪರಿಶೋಧಕರಾಗಬೇಕಿಲ್ಲ. ನಿಮ್ಮ ರಿಟರ್ನಿನ ಪ್ರಿಂಟ್ ತಗೊಳ್ಳಿ. ಬಾಡಿಗೆಯ ಕೆಳಗೆ ಶೇ. 30ರ ಒಂದು ಸಾಲು ಇದೆಯಾ ನೋಡಿ. ಇಲ್ಲ ಅಂದರೆ ನಿಮ್ಮ ಬಾಡಿಗೆ ತಪ್ಪು ಮನೆಯಲ್ಲಿ ಕೂತಿದೆ.

ಸುಳ್ಳು ಹುಟ್ಟಿದ್ದಕ್ಕೂ ಒಂದು ಕಾರಣ ಇದೆ, ಅದನ್ನೂ ಹೇಳಬೇಕು. ನಾವೇ ವಾಸವಿರುವ ಮನೆಯ ಸಾಲಕ್ಕೆ ಹಳೇ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಲಕ್ಷದವರೆಗೆ ಬಡ್ಡಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಅದು ನಿಜವಾಗಿಯೂ ಇಲ್ಲ. "ಮನೆ ಸಾಲದ ಬಡ್ಡಿ ಹೋಯ್ತು" ಅನ್ನೋ ಮಾತು ಅಲ್ಲಿಂದ ಹೊರಟು, ಬಾಡಿಗೆ ಮನೆಯ ಬಡ್ಡಿಯನ್ನೂ ನುಂಗಿ, ಆಮೇಲೆ ಶೇ. 30ನ್ನೂ ನುಂಗಿತು. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಹೆಚ್ಚು ದೂರ ಓಡುತ್ತೆ, ಅದಕ್ಕೆ ಕಾಲಿರುತ್ತೆ.

ಅಷ್ಟು ಹೊತ್ತಿಗೆ ಚಿಕ್ಕಮ್ಮನ ಮಗ ರೂಮಿನಿಂದ ಹೊರಗೆ ಬಂದ. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮೈಸೂರಿನ ಮನೆಯಲ್ಲೇ ಕೂತು ಮಾಡ್ತಾನೆ. ವರ್ಷಕ್ಕೆ 26 ಲಕ್ಷ ಸಂಬಳ. ಅಮ್ಮನ ತೆರಿಗೆ ಸೊನ್ನೆಯಾದದ್ದು ನೋಡಿ ಖುಷಿಯಾಗಿ, "ಅಣ್ಣ, ನಂದೂ ಒಂದ್ಸಲ ನೋಡು. ಬೆಂಗಳೂರಿನ ಫ್ಲಾಟ್ ಬಾಡಿಗೆಗಿದೆ. ಬಡ್ಡಿ ಜಾಸ್ತಿ ಇದೆ, ಲಾಸ್ ಬರುತ್ತೆ, ಸಂಬಳದಲ್ಲಿ ಕಳೆಯಬಹುದು ಅಂತಲೇ ತಗೊಂಡಿದ್ದು" ಅಂದ.

ಅದೇ ನಾಲ್ಕು ಸಾಲು. ಬಾಡಿಗೆ ತಿಂಗಳಿಗೆ 22,000, ವರ್ಷಕ್ಕೆ 2,64,000. ಕಂದಾಯ 9,000 ಹೋಗಿ 2,55,000. ಅದರಲ್ಲಿ ಶೇ. 30, ಅಂದರೆ 76,500 ಹೋಗಿ 1,78,500. ಬಡ್ಡಿಯ ಸಾಲಿಗೆ ಬಂದಾಗ ಅವನು 5,88,000 ಅಂದ. ಅದು ಅವನ ವರ್ಷದ ಕಂತು, ಬಡ್ಡಿಯಲ್ಲ. ತಿಂಗಳಿಗೆ 49,000 ಕಂತು ಕಟ್ಟಿದರೆ ಅದರಲ್ಲಿ ಬಡ್ಡಿಯೂ ಇರುತ್ತೆ, ಅಸಲೂ ಇರುತ್ತೆ. ಸರ್ಟಿಫಿಕೇಟ್ ತೆಗೆಸಿ ನೋಡಿದರೆ ಬಡ್ಡಿ 4,80,000, ಅಸಲು 1,08,000. ಅಸಲಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. 1,78,500ರಲ್ಲಿ 4,80,000 ಕಳೆದರೆ 3,01,500 ನಷ್ಟ.

"ನೋಡಿದ್ಯಾ, ಮೂರು ಲಕ್ಷ ಲಾಸ್!" ಅಂತ ಅವನು ಹಿಗ್ಗಿದ. ನಷ್ಟವಾಯಿತು ಅಂತ ಹಿಗ್ಗುವ ಜನರನ್ನು ತಯಾರು ಮಾಡಿದ್ದಾರಲ್ಲ, ಆ ಮಾರಾಟಗಾರರಿಗೆ ದೊಡ್ಡ ನಮಸ್ಕಾರ.

ಹೊಸ ಪದ್ಧತಿಯಲ್ಲಿ ಬಾಡಿಗೆ ಮನೆಯ ಬಡ್ಡಿಯನ್ನು ಕಳೆಯಬಹುದು, ಸರಿ. ಆದರೆ ಕಳೆದು ನಷ್ಟ ಬಂದರೆ, ಆ ನಷ್ಟ ಸಂಬಳದ ಹತ್ತಿರ ಸುಳಿಯೋ ಹಾಗಿಲ್ಲ. ಮನೆಯ ನಷ್ಟ ಮನೆಯೊಳಗೇ. ಬಾಡಿಗೆ ಆದಾಯ ಸೊನ್ನೆಯಾಗುತ್ತೆ, ಅಷ್ಟೇ. ಸಂಬಳದ ತೆರಿಗೆ ಒಂದು ರೂಪಾಯಿ ಕೂಡ ಇಳಿಯೋದಿಲ್ಲ. ಹಳೇ ಪದ್ಧತಿಯಲ್ಲಿ ಇಳಿಯುತ್ತೆ, ಆದರೆ ಅಲ್ಲೂ 2017-18ರಿಂದ ಒಂದು ಬೇಲಿ ಇದೆ: ಬೇರೆ ಆದಾಯದಲ್ಲಿ ಕಳೆಯೋಕೆ ವರ್ಷಕ್ಕೆ ಎರಡು ಲಕ್ಷದ ಮಿತಿ. ಅವನ 3,01,500ರಲ್ಲಿ ಎರಡು ಲಕ್ಷ ಸಂಬಳದ ವಿರುದ್ಧ ಹೋಗುತ್ತೆ. ಉಳಿದ 1,01,500 ಮುಂದಿನ ಎಂಟು ವರ್ಷ ಮನೆ ಆದಾಯ ಬಂದರೆ ಅದರ ವಿರುದ್ಧ ಮಾತ್ರ. ಪ್ರತಿ ವರ್ಷವೂ ನಷ್ಟವೇ ಬರುವಾಗ ಯಾವ ಆದಾಯದ ವಿರುದ್ಧ ಕಳೆಯೋದು ಹೇಳಿ?

"ಹಾಗಾದ್ರೆ ಹಳೇದಕ್ಕೇ ಹೋಗ್ತೀನಿ ಬಿಡು" ಅಂದ. ಅದನ್ನೂ ಹಾಕಿ ನೋಡಿದ್ವಿ. ಹಳೇ ಪದ್ಧತಿಯಲ್ಲಿ ಸಂಬಳದಿಂದ 50,000, ಮನೆ ನಷ್ಟ ಎರಡು ಲಕ್ಷ, ಪಿ.ಎಫ್. ಮತ್ತು ಸಾಲದ ಅಸಲು ಸೇರಿ ಒಂದೂವರೆ ಲಕ್ಷ, ಎಲ್ಲ ಕಳೆದರೆ 22 ಲಕ್ಷ. ತೆರಿಗೆ ಸೆಸ್ ಸೇರಿ 4,91,400. ಹೊಸ ಪದ್ಧತಿಯಲ್ಲಿ 75,000 ಮಾತ್ರ ಕಳೆದು 25,25,000. ತೆರಿಗೆ ಸೆಸ್ ಸೇರಿ 3,51,000. ನಷ್ಟವನ್ನೆಲ್ಲ ತೋರಿಸಿಯೂ ಹಳೇ ಪದ್ಧತಿಯಲ್ಲಿ ಅವನು 1,40,400 ಹೆಚ್ಚಿಗೆ ಕಟ್ಟಬೇಕು. ಅಂದರೆ ಯಾವ ರಿಯಾಯಿತಿಗೋಸ್ಕರ ಫ್ಲಾಟ್ ಕೊಂಡನೋ, ಅದನ್ನು ತಗೊಳ್ಳೋಕೆ ಹೋದರೇ ಅವನಿಗೆ ನಷ್ಟ.

ಇರ್ಲಿ, ಹಳೇ ಪದ್ಧತಿಯೊಂದೇ ಇದ್ದ ಕಾಲ ಅಂದುಕೊಳ್ಳಿ. ಆಗಲಾದರೂ ಲಾಭವಿತ್ತಾ? ಎರಡು ಲಕ್ಷ ಕಳೆದದ್ದರಿಂದ ಶೇ. 30ರ ಮೆಟ್ಟಿಲಿನಲ್ಲಿ ಉಳಿಯುತ್ತಿದ್ದ ತೆರಿಗೆ, ಸೆಸ್ ಸೇರಿ, 62,400. ಅದನ್ನು ಉಳಿಸೋಕೆ ಅವನು ಕೈಯಿಂದ ಹಾಕಿದ್ದೆಷ್ಟು? ಬಾಡಿಗೆ 2,64,000 ಬಂತು. ಕಂದಾಯ 9,000, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ 36,000, ಬಡ್ಡಿ 4,80,000 ಹೋಯಿತು. ಅಸಲನ್ನು ಬಿಟ್ಟುಬಿಡಿ, ಅದು ಅವನದೇ ಆಸ್ತಿಗೆ ಸೇರುತ್ತೆ. ಬರೀ ಇಷ್ಟಕ್ಕೇ ಕೈಯಿಂದ ಹೋದದ್ದು 2,61,000. ಎರಡು ಲಕ್ಷ ಅರವತ್ತೊಂದು ಸಾವಿರ ಕೈಬಿಟ್ಟು ಅರವತ್ತೆರಡು ಸಾವಿರ ಉಳಿಸೋದನ್ನು "ಟ್ಯಾಕ್ಸ್ ಪ್ಲಾನಿಂಗ್" ಅಂತ ಕರೀತಾರೆ.

ಫ್ಲಾಟ್ ಕೊಳ್ಳಬೇಡಿ ಅಂತ ನಾನು ಹೇಳ್ತಾ ಇಲ್ಲ. ನಾಳೆ ಬೆಲೆ ಏರಬಹುದು, ಮುಂದೆ ಅವನೇ ಹೋಗಿ ಅಲ್ಲಿರಬಹುದು. ಆ ಕಾರಣಗಳಿಗೆ ಕೊಳ್ಳಲಿ. ಆದರೆ ತೆರಿಗೆ ಉಳಿಯುತ್ತೆ ಅನ್ನೋ ಕಾರಣಕ್ಕೆ ಮಾಡಿದ ಸಾಲ ಅದು, ಆ ಕಾರಣವೇ ಇಲ್ಲಿ ಸತ್ತುಹೋಗಿದೆ.

ಇಷ್ಟು ಹೇಳಿದ ಮೇಲೆ ಕಾನೂನಿನ ಪರವಾಗಿಯೇ ಮಾತಾಡ್ತಿದ್ದೀನಿ ಅಂತ ಅನ್ನಿಸಬಹುದು. ಅದರ ಮೇಲೂ ನನಗೆ ತಕರಾರಿದೆ. ಆ ಶೇ. 30 ಖರ್ಚಾದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಹಿಂದೆ ರಿಪೇರಿಗೆ ಇಷ್ಟು, ವಿಮೆಗೆ ಇಷ್ಟು ಅಂತ ಬೇರೆ ಬೇರೆ ಕಳೆಯುವ ಕ್ರಮವಿತ್ತು. 2001ರ ಹಣಕಾಸು ಕಾಯ್ದೆ ಅದನ್ನೆಲ್ಲ ಒರೆಸಿ ಒಂದೇ ಶೇ. 30 ಮಾಡಿತು. ಬಿಲ್ಲು ತೋರಿಸಬೇಕಿಲ್ಲ, ಒಳ್ಳೇದೇ. ಆದರೆ ಚಿಕ್ಕಮ್ಮ ಅದೇ ವರ್ಷ ಮೇಲಿನ ಮನೆಯ ತಾರಸಿ ಸೋರ್ತಿದೆ ಅಂತ 90,000 ಖರ್ಚು ಮಾಡಿದ್ದರು. ಕಾನೂನಿಗೆ ಅದು 52,800 ಮಾತ್ರ. ಏನೂ ಖರ್ಚು ಮಾಡದೆ, ಬಾಡಿಗೆದಾರ ಎಷ್ಟು ಕೇಳಿಕೊಂಡರೂ ಸುಣ್ಣ ಹೊಡೆಸದ ಮಾಲೀಕನಿಗೂ ಅದೇ ಶೇ. 30. ಮನೆಯನ್ನು ಚೆನ್ನಾಗಿಟ್ಟುಕೊಂಡವರಿಗೂ ಪಾಳು ಬಿಟ್ಟವರಿಗೂ ಒಂದೇ ಅಳತೆ. ಇದನ್ನು ಸರಳತೆ ಅನ್ನಬಹುದು, ನ್ಯಾಯ ಅಂತ ಮಾತ್ರ ನಾನು ಅನ್ನಲಾರೆ. ಆದ್ದರಿಂದ ತಾರಸಿಯ ಬಿಲ್ಲು, ಬಣ್ಣದ ಬಿಲ್ಲು, ಮೇಂಟೆನೆನ್ಸ್ ರಸೀದಿ ಹಿಡಿದುಕೊಂಡು ರಿಟರ್ನ್ ತುಂಬೋಕೆ ಹೋಗಬೇಡಿ. ಆ ಖರ್ಚನ್ನೆಲ್ಲ ಕಾನೂನು ಆ ಶೇ. 30ರೊಳಗೇ ಮುಗಿಸಿದೆ.

1961ರ ಹಳೇ ಆದಾಯ ತೆರಿಗೆ ಕಾಯ್ದೆ ಹೋಗಿ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ ಬಂದಿದೆ. ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ. ಹಾಗಾಗಿ "ಅದೆಲ್ಲ ಹಳೇ ಕಾಯ್ದೇಲಿ ಇತ್ತು ಮೇಡಂ" ಅನ್ನೋ ಮಾತು ಮುಂದಿನ ವರ್ಷ ಕೇಳಿಬಂದೀತು ಅಂತ ಈಗಲೇ ಹೇಳಿಡ್ತೀನಿ. ಬಾಡಿಗೆ, ಕಂದಾಯ, ಶೇ. 30, ಬಡ್ಡಿ. ಹೊಸ ಕಾಯ್ದೆಯಲ್ಲೂ ಸಾಲುಗಳು ಇವೇ, ಕ್ರಮವೂ ಇದೇ.

ಮಾರನೇ ದಿನ ಚಿಕ್ಕಮ್ಮ ಹಾಳೆ ಹಿಡಿದು ತಾವೇ ಆ ಮನುಷ್ಯರ ಹತ್ತಿರ ಹೋದರು. ಮೂವತ್ತು ವರ್ಷ ಪಾಠ ಹೇಳಿದವರು, ಹೇಗೆ ಹೇಳಿರಬಹುದು ಅಂತ ನಾನು ಊಹಿಸಬಲ್ಲೆ. ಅವರು ತಿದ್ದಿಕೊಟ್ಟರು. ಎಫ್.ಡಿ. ಮುರಿಯಲಿಲ್ಲ. ವಾಪಸ್ ಬಂದು ಚಿಕ್ಕಮ್ಮ ಹೇಳಿದ್ದು ಒಂದೇ ಮಾತು: "ಅವರ ಹತ್ತಿರ ಇನ್ನೂ ಇಬ್ಬರು ಪಿಂಚಣಿಯವರು ಕೂತಿದ್ರು ಕಣೋ. ಇಬ್ಬರಿಗೂ ಬಾಡಿಗೆ ಮನೆ ಇದೆ. ಆ ಹಾಳೇನ ಅವರಿಗೇ ಕೊಟ್ಟು ಬಂದೆ."